ನಾಲ್ಕು ಕುರ್ಚಿಯ ಟೇಬಲ್

ಪಾತ್ರಗಳು: ಸುಧೀಂದ್ರ, 39, ಧಾರವಾಡದವ, ಮನೆ ಡೊಂಬಿವಲಿ, ಕೆಲಸ ಅಂಬರನಾಥದ ಔಷಧ ಕಂಪನಿಯ ಲ್ಯಾಬಿನಲ್ಲಿ. ರೇವತಿ, 36, ಮೂಲ ಕುಂದಾಪುರ, ಹುಟ್ಟಿ ಬೆಳೆದದ್ದು ಕಾಂದಿವಲಿ, ಬ್ಯಾಂಕ್ ಉದ್ಯೋಗಿ. ಒಬ್ಬ ಹಿರಿಯರು. ಮಾಣಿ.

ಸ್ಥಳ: ಮಾಟುಂಗಾ ಪೂರ್ವದ ಉಡುಪಿ ಹೋಟೆಲ್. ಭಾನುವಾರ ಬೆಳಗ್ಗೆ. ಹೊರಗೆ ಹೆಸರು ಬರೆಸಿ ಕಾಯುವ ಜನ, ಒಳಗೆ ಕೂತವರ ತಟ್ಟೆಯ ಮೇಲೆ ಅವರ ಕಣ್ಣು. ಮೊದಲ ಭೇಟಿಗೆ ಇಷ್ಟು ತಪ್ಪಾದ ಜಾಗ ಮುಂಬಯಿಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಕಾಫಿ ಮಾತ್ರ ಚೆನ್ನಾಗಿರುತ್ತದೆ.

ಆವರಣದೊಳಗಿನದು ಮನಸ್ಸಿನ ಮಾತು. ಪ್ರೇಕ್ಷಕರ ಕಡೆ ತಿರುಗಿ ಹೇಳಬೇಕು, ನಗದೆ.

ಸುಧೀಂದ್ರ: ಬಂದು ಭಾಳ ಹೊತ್ತಾತೇನ್ರಿ?

ರೇವತಿ: ಇಲ್ಲ ಇಲ್ಲ, ಈಗಷ್ಟೇ ಬಂದದ್ದು. (ಅರ್ಧ ಗಂಟೆ ಆಯ್ತು. ಎದುರಿನ ಹೂವಿನಂಗಡಿಯವನು ಎರಡು ಸಲ ಗಜರಾ ಬೇಕಾ ಅಂತ ಕೇಳಿದ.)

ಸುಧೀಂದ್ರ: ಫಾಸ್ಟ್ ಲೋಕಲ್ ಇಲ್ಲೆ ನಿಲ್ಲಂಗಿಲ್ಲ ನೋಡ್ರಿ. ದಾದರಿಗೆ ಹೋಗಿ, ಸ್ಲೋ ಹಿಡದು ಒಂದು ಸ್ಟೇಷನ್ ಹಿಂದ ಬಂದೆ. (ಟ್ರೇನಿನ ವಿಷಯ ತಗೀಬ್ಯಾಡ ಅಂತ ಅಕ್ಕ ಸಾರಿ ಸಾರಿ ಹೇಳಿದ್ಲು. ಮೊದಲನೇ ಮಾತೇ ಅದು.)

ರೇವತಿ: ಕುರ್ಲಾದಲ್ಲೇ ಬದಲಿಸಬಹುದಿತ್ತಲ್ಲ?

ಸುಧೀಂದ್ರ: ಬಾಗಿಲ ತನಕಾ ಬಂದಿದ್ದೆ. ಹತ್ತೋ ಮಂದಿ ವಾಪಸ್ ಒಳಗ ತಳ್ಳಿಬಿಟ್ರು.

(ಮಾಣಿ ಎರಡು ಕಾಫಿ ಇಟ್ಟು ಹೋಗುತ್ತಾನೆ. ಸ್ಟೀಲ್ ಲೋಟ ಬಟ್ಟಲೊಳಗೆ ಕೂತಿದೆ, ನೊರೆ ಅಂಚು ಮೀರಿ ಬಟ್ಟಲಿಗೆ ಇಳಿಯುತ್ತಿದೆ. ರೇವತಿ ಸೆರಗಿನ ತುದಿಯಿಂದ ಲೋಟ ಹಿಡಿದು ಬಟ್ಟಲಿಗೆ ಸುರಿಯುತ್ತಾಳೆ. ಸುಧೀಂದ್ರ ಬರಿಗೈಯಲ್ಲಿ ಹಿಡಿಯುತ್ತಾನೆ. ಇಳಿಸಿದರೆ ಮರ್ಯಾದೆ ಹೋಗುತ್ತದೆಂದು ಇಳಿಸುವುದಿಲ್ಲ.)

ರೇವತಿ: ನಿಮ್ಮ ಖಾಯಂ ವಿಳಾಸ ಧಾರವಾಡದ್ದೇ ಅಲ್ವಾ? (ಖಾಯಂ ವಿಳಾಸ! ಇನ್ನು ಪ್ಯಾನ್ ಕಾರ್ಡ್ ಒಂದು ಕೇಳಿಬಿಡು.) ಅಂದರೆ, ಮನೆಯವರೆಲ್ಲ ಅಲ್ಲೇ ಇರೋದಾ? ಡಿವೋರ್ಸ್ ಆಗಿ ಎಷ್ಟು ಸಮಯ ಆಯ್ತು?

(ಸುಧೀಂದ್ರ ಗಾಬರಿಯಲ್ಲಿ ದೊಡ್ಡ ಗುಟುಕೇ ಎಳೆಯುತ್ತಾನೆ. ಕಣ್ಣಲ್ಲಿ ನೀರು.)

ರೇವತಿ: ಅಯ್ಯೋ, ಕ್ಷಮಿಸಿ, ನಾನು ಹಾಗೆ ಕೇಳಬಾರದಿತ್ತು. (ಪಾಪ, ಇನ್ನೂ ಮರೆತಿಲ್ಲ ಅನಿಸ್ತದೆ.)

ಸುಧೀಂದ್ರ: ಹಂಗೇನಿಲ್ರಿ… ನಾಲಗಿ… (ನಾಲಗಿ ಸುಟ್ಟೈತಿ ಅಂತ ಹೇಳಲಾ? ಮರುಗಾಕತ್ತಾಳ. ಇರ್ಲಿ ಬಿಡು, ಮರುಗಲಿ.)

(ಮಾಣಿ ಗುಜರಾತಿ ಪೇಪರ್ ಹಿಡಿದ ಹಿರಿಯರೊಬ್ಬರನ್ನು ಕರೆತಂದು ಸುಧೀಂದ್ರನ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಾನೆ. ಇಬ್ಬರನ್ನೂ ಕೇಳುವುದಿಲ್ಲ. ಇಲ್ಲಿ ಖಾಲಿ ಕುರ್ಚಿ ಹೋಟೆಲಿನದು, ಗಿರಾಕಿಯದಲ್ಲ.)

ಸುಧೀಂದ್ರ: ಇವರು ಇಲ್ಲೇ ಕೂಡ್ತಾರೇನ್ರಿ?

ರೇವತಿ: ಮಾಟುಂಗಾದಲ್ಲಿ ಹೀಗೇ ಮಾರಾಯ್ರೆ. ಪೇಪರ್ ನೋಡಿ, ಗುಜರಾತಿಯವರು. ಕನ್ನಡ ಬರಲಿಕ್ಕಿಲ್ಲ, ನಾವು ಧೈರ್ಯವಾಗಿ ಮಾತಾಡಬಹುದು.

ಸುಧೀಂದ್ರ: ಹಂಗಾದ್ರ ಖರೇ ಹೇಳ್ತೀನ್ರಿ. ನಿನ್ನೆ ರಾತ್ರಿ ನಮ್ಮ ಅಕ್ಕ ಹೇಳಿದ್ದೆಲ್ಲಾ ಚೀಟಿ ಮಾಡಿ ಬರಕೊಂಡಿದ್ದೆ. ಲೋಕಲ್ ದಾಗ ಬೆವರಿಗೆ ಶಾಯಿ ಎಲ್ಲಾ ಹರಡೇತಿ.

(ಕಿಸೆಯಿಂದ ನೀಲಿಯಾದ ಚೀಟಿ ತೆಗೆಯುತ್ತಾನೆ. ಓದಲು ಬರುವುದು ಒಂದೇ ಸಾಲು.)

ರೇವತಿ (ಓದುತ್ತ): 'ಅವ್ವನ ಬಗ್ಗೆ ಭಾಳ ಮಾತಾಡಬ್ಯಾಡ.' (ಒಳ್ಳೆ ಚೀಟಿ. ಇವರ ಅಕ್ಕನನ್ನು ಒಮ್ಮೆ ನೋಡಬೇಕು.) ನನಗೆ ಹಸಿವು ಮಾರಾಯ್ರೆ. ಭಯಕ್ಕೆ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಈ ಅಜ್ಜ ಬೇಗ ಎದ್ದರೆ ಆರಾಮವಾಗಿ ಒಂದು ದೋಸೆ ಹೇಳಬಹುದಿತ್ತು.

ಹಿರಿಯರು (ಪೇಪರ್ ಇಳಿಸದೆ): ನನ್ನ ಕಾಫಿ ಬರಲಿಕ್ಕೆ ಉಂಟಮ್ಮ. ಕುಡಿದು ಏಳ್ತೇನೆ. ನೀವು ದೋಸೆ ಹೇಳಿ.

(ಮೌನ. ಇದನ್ನು ಎಳೆದಷ್ಟೂ ಒಳ್ಳೆಯದು.)

ರೇವತಿ: ನೀವು… ಗುಜರಾತಿ ಪೇಪರ್…

ಹಿರಿಯರು: ಜೀವಮಾನವೆಲ್ಲ ಗುಜರಾತಿ ಪೇಢಿಯಲ್ಲಿ ಲೆಕ್ಕ ಬರೆದವ. ಊರು ಕಾರ್ಕಳ. (ಸುಧೀಂದ್ರನಿಗೆ) ಆಗ ಕಾಫಿಗೆ ನಾಲಗೆ ಸುಟ್ಟದ್ದಲ್ವಾ? ಅವಳಿಗೆ ಹೇಳಿಬಿಡಿ, ಸುಮ್ಮನೆ ಮರುಗ್ತಾ ಇದ್ದಾಳೆ. ಹೊರಗೆ ಸಾಲಲ್ಲಿ ನಿಂತು ನೋಡಿದೆ ನಾನು.

(ರೇವತಿಗೆ ನಗು ತಡೆಯಲಾಗುವುದಿಲ್ಲ. ಕಾಫಿ ನೆತ್ತಿಗೇರುತ್ತದೆ. ಸುಧೀಂದ್ರ ನೀರಿನ ಲೋಟ ಅವಳ ಕಡೆ ತಳ್ಳುವ ಭರದಲ್ಲಿ ಚಟ್ನಿಯ ಬಟ್ಟಲನ್ನೂ ತಳ್ಳುತ್ತಾನೆ.)

ಮಾಣಿ: ಸಾರ್, ಮತ್ತೇನಾದ್ರೂ? ಹೊರಗೆ ಜನ ಉಂಟು.

ಸುಧೀಂದ್ರ: ಒಂದು ಮೈಸೂರು ಮಸಾಲೆ, ಇವರಿಗೆ. (ಅವಳಿಗೆ) ಅವಸರ ಮಾಡಬ್ಯಾಡ್ರಿ. ಇವತ್ತ ಹಳಿ ರಿಪೇರಿಗೆ ನಮ್ಮ ಸೆಂಟ್ರಲ್ ಲೈನಿಗೆ ಮೆಗಾಬ್ಲಾಕ್ ಅದ. ನಾಕರ ತನಕಾ ನಾ ಮನಿಗೆ ಹೋಗಾಕ ಆಗಂಗಿಲ್ಲ.

ರೇವತಿ: (ಬೆಳಗ್ಗೆಯೇ ಓದಿದ್ದೇನೆ, ಇವತ್ತು ಬ್ಲಾಕ್ ಹಾರ್ಬರ್ ಲೈನಿಗೆ ಮಾತ್ರ. ಬಾಯಿ ಮುಚ್ಚು ರೇವತಿ.) ಹೌದಾ? ಛೇ! ನಾಲ್ಕರವರೆಗೆ ಪಾಪ, ಒಬ್ಬರೇ ಏನು ಮಾಡ್ತೀರಿ?

ಹಿರಿಯರು: ಫೈವ್ ಗಾರ್ಡನ್ಸ್ ಹತ್ತಿರವೇ ಉಂಟು. ಆದರೆ ಮೊದಲು ಆ ಚಟ್ನಿ ಒರೆಸಿ, ನನ್ನ ಪೇಪರಿಗೆ ಬರ್ತಾ ಉಂಟು.