ಪಾಳಿ ಹಸ್ತಾಂತರ ಟಿಪ್ಪಣಿ: ಮಹಿಳಾ ವಾರ್ಡ್, 12ನೇ ಬೆಡ್

ದಿನಾಂಕ: ಜುಲೈ 17. ಮಧ್ಯಾಹ್ನದ ಪಾಳಿಯಿಂದ ರಾತ್ರಿ ಪಾಳಿಗೆ. ಬರೆದ ಸಮಯ: ರಾತ್ರಿ 7.50.

ಪಾಳಿಯ ನಡುವೆ ಟಿಪಿಆರ್ ಚಾರ್ಟಿನ ಹಿಂಬದಿಯಲ್ಲಿ ನಾನು ಗೀಚಿಕೊಂಡದ್ದು ಇಷ್ಟು: "12 – ಡೆಂಗಿ, 5ನೇ ದಿನ. ಜ್ವರ ಇಲ್ಲ. ವಾಂತಿ 3 ಸಲ. ಹೊಟ್ಟೆ ನೋವು ಜಾಸ್ತಿ. ಬಿಪಿ 100/82. ಯೂರಿನ್ ಕಮ್ಮಿ. ಆರ್‌ಎಲ್ ಹೋಗ್ತಿದೆ. ಡಾಕ್ಟರ್ ನೋಡಿದಾರೆ. ಸಿಬಿಸಿ ಕಳಿಸಬೇಕು." ಇದನ್ನು ಹೀಗೇ ಓದಿ ಹೇಳಿದರೆ ಜ್ವರ ಬಿಟ್ಟ ರೋಗಿಯೊಬ್ಬರ ಸಾಮಾನ್ಯ ವರದಿಯಂತೆ ಕೇಳಿಸುತ್ತದೆ, ಹಾಗೆ ಕೇಳಿಸಬಾರದೆಂದು ಅದನ್ನೇ ನಾಲ್ಕು ಭಾಗಗಳಲ್ಲಿ ಮತ್ತೆ ಬರೆದಿದ್ದೇನೆ.

ಸದ್ಯದ ಸ್ಥಿತಿ

32 ವರ್ಷದ, 52 ಕೆ.ಜಿ. ತೂಕದ ಈ ಮಹಿಳೆ ಡೆಂಗಿ ಆಘಾತದ ಮೊದಲ ಹಂತದಲ್ಲಿದ್ದಾರೆಂದು ಡ್ಯೂಟಿ ಡಾಕ್ಟರ್ ಸಂಜೆ 7.15ಕ್ಕೆ ನೋಡಿ ಕೇಸ್ ಶೀಟಿನಲ್ಲಿ ಬರೆದಿದ್ದಾರೆ. ಅವರ ಆದೇಶದಂತೆ ಕೆ.ಜಿ.ಗೆ 10 ಮಿ.ಲೀ. ಲೆಕ್ಕದಲ್ಲಿ 520 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಅನ್ನು ಒಂದು ಗಂಟೆಯಲ್ಲಿ ಮುಗಿಯುವಂತೆ 7.25ಕ್ಕೆ ಆರಂಭಿಸಿದ್ದೇನೆ. ಅದು 8.25ಕ್ಕೆ, ಅಂದರೆ ನಾವು ಪಾಳಿ ಬದಲಿಸಿಕೊಂಡ ಮೇಲೆ ಮುಗಿಯುತ್ತದೆ. 7.40ಕ್ಕೆ ನೋಡಿದಾಗ ನಾಡಿ 110, ಬಿಪಿ 102/80, ಉಸಿರಾಟ ನಿಮಿಷಕ್ಕೆ 22, ಆಮ್ಲಜನಕ ಪ್ರಮಾಣ ಶೇ. 97 ಇತ್ತು. ರೋಗಿ ಎಚ್ಚರವಾಗಿದ್ದಾರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ಆದರೆ ಕಂಬಳಿ ಹೊದ್ದಿದ್ದರೂ ಪಾದಗಳು ಇನ್ನೂ ತಣ್ಣಗಿವೆ.

ಹಿನ್ನೆಲೆ

ಜ್ವರ 13ರಂದು ಶುರುವಾಗಿದ್ದು, 15ರ ಸಂಜೆ ದಾಖಲಾಗಿದ್ದಾರೆ. ಎನ್‌ಎಸ್1 ಪಾಸಿಟಿವ್ ಇದೆ. ವರದಿಯನ್ನು ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳ ಕಚೇರಿಗೆ ಕಳಿಸಲಾಗಿದೆ. ಥೈರಾಯ್ಡ್ ಕೊರತೆಗೆ ದಿನಕ್ಕೆ 50 ಮೈಕ್ರೋಗ್ರಾಂ ಥೈರಾಕ್ಸಿನ್ ತೆಗೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇಲ್ಲ, ಔಷಧಿ ಅಲರ್ಜಿ ಇರುವುದು ತಿಳಿದಿಲ್ಲ, ಗರ್ಭಪರೀಕ್ಷೆ ನೆಗೆಟಿವ್. ಮುಟ್ಟಿನ ದಿನ ಹತ್ತಿರದಲ್ಲಿದೆ ಎಂದು ಅವರೇ ಹೇಳಿದ್ದಾರೆ. ರಕ್ತದ ಗುಂಪು ಓ ಪಾಸಿಟಿವ್.

ದಾಖಲಾಗುವ ಮುನ್ನ ಎರಡು ದಿನ ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ನುಂಗಿದ್ದರು. ಅತ್ತೆಯವರ ಚೀಲದಲ್ಲಿದ್ದ ಖಾಲಿ ಪಟ್ಟಿಯನ್ನು ಇವತ್ತು ತರಿಸಿ ನೋಡಿದರೆ ಅದು ಬರೀ ಪ್ಯಾರಾಸಿಟಮಾಲ್ ಅಲ್ಲ, ಐಬುಪ್ರೊಫೇನ್ ಸೇರಿದ ಮಾತ್ರೆ. ದಾಖಲಾತಿಯ ವೇಳೆ "ಜ್ವರದ ಮಾತ್ರೆ" ಎಂದಷ್ಟೇ ಬರೆದಿದ್ದರಿಂದ ಈ ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ. ಈಗ ಡಾಕ್ಟರಿಗೆ ತಿಳಿಸಿದ್ದೇನೆ.

ಇಂದು ಬೆಳಿಗ್ಗೆ ಜ್ವರ 98.6ಕ್ಕೆ ಇಳಿದಿದೆ, ಆಮೇಲೆ ಏರಿಲ್ಲ.

ಅವಲೋಕನ

ಮಧ್ಯಾಹ್ನ 2ಕ್ಕೆ ನನಗೆ ಸಿಕ್ಕ ವರದಿಯಲ್ಲಿ "ಜ್ವರ ಇಲ್ಲ, ಆರಾಮ" ಎಂದಿತ್ತು, ಮನೆಯವರೂ ಡಿಸ್ಚಾರ್ಜ್ ಯಾವಾಗ ಎಂದು ಕೇಳುತ್ತಿದ್ದರು. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರುವುದು ಜ್ವರ ಇಳಿಯುವ ಹೊತ್ತಿನಲ್ಲೇ ಆಗಿರುವುದರಿಂದ, ಇವತ್ತು ಬೆಳಗಿನಿಂದ 24ರಿಂದ 48 ಗಂಟೆಗಳವರೆಗೆ ಇವರನ್ನು ಅಪಾಯದ ಅವಧಿಯಲ್ಲಿ ಇರುವವರೆಂದೇ ನೋಡಬೇಕು. ಅಂಕಿಗಳೂ ಅದನ್ನೇ ಹೇಳುತ್ತವೆ. ಹೆಮಟೋಕ್ರಿಟ್ ದಾಖಲಾದಾಗ 36.2 ಇದ್ದದ್ದು ಸಂಜೆ 5ರ ವರದಿಯಲ್ಲಿ 44.1 ಆಗಿದೆ, ಅಂದರೆ ಶೇ. 20ಕ್ಕಿಂತ ಹೆಚ್ಚು ಏರಿದೆ. ಇದೇ ಅವಧಿಯಲ್ಲಿ ಪ್ಲೇಟ್‌ಲೆಟ್ 92,000ದಿಂದ 31,000ಕ್ಕೆ ಇಳಿದಿದೆ.

ಬಿಪಿಯ ಮೇಲಿನ ಅಂಕಿಯನ್ನಷ್ಟೇ ನೋಡಿದರೆ ಗಾಬರಿಯಾಗುವಂಥದ್ದೇನೂ ಇಲ್ಲ. ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಬೇಕು. ಅದು 2 ಗಂಟೆಗೆ 112/76 ಇದ್ದಾಗ 36, 5.30ಕ್ಕೆ 104/80 ಆದಾಗ 24, 7 ಗಂಟೆಗೆ 100/82 ಆದಾಗ ಬರೀ 18. ಅಷ್ಟರಲ್ಲಿ ನಾಡಿ 88ರಿಂದ 116ಕ್ಕೆ ಏರಿತ್ತು, ಉಗುರನ್ನು ಒತ್ತಿ ಬಿಟ್ಟರೆ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿತ್ತು. ಆಗಲೇ ಡಾಕ್ಟರನ್ನು ಕರೆದೆ. 4 ಗಂಟೆಯ ಬಿಪಿ ಚಾರ್ಟಿನಲ್ಲಿ ಇಲ್ಲ. 5ನೇ ಬೆಡ್ಡಿನ ರೋಗಿಗೆ ಫಿಟ್ಸ್ ಬಂದು ನಾನು ಅಲ್ಲಿದ್ದೆ, ನೋಡಲಾಗಲಿಲ್ಲ. ಆಮೇಲೆ ಅಂದಾಜಿನಿಂದ ತುಂಬಿಸಿಲ್ಲ, ಖಾಲಿಯೇ ಬಿಟ್ಟಿದ್ದೇನೆ.

ಮೂತ್ರದ ಲೆಕ್ಕ 3 ಗಂಟೆಯಿಂದ ಮಾತ್ರ ನಂಬುವಂತಿದೆ, ಏಕೆಂದರೆ ಅಲ್ಲಿಯವರೆಗೆ ಅವರು ಶೌಚಾಲಯಕ್ಕೇ ನಡೆದು ಹೋಗುತ್ತಿದ್ದರು. 3ರಿಂದ 7ರವರೆಗೆ ಬೆಡ್‌ಪ್ಯಾನಿನಲ್ಲಿ ಅಳೆದದ್ದು ಒಟ್ಟು 70 ಮಿ.ಲೀ.; ಇವರ ತೂಕಕ್ಕೆ ಗಂಟೆಗೆ ಕನಿಷ್ಠ 26 ಮಿ.ಲೀ. ಇರಬೇಕಿತ್ತು.

ಹೊಟ್ಟೆ ನೋವು ಬಲಗಡೆ ಪಕ್ಕೆಲುಬಿನ ಕೆಳಗೆ ಹೆಚ್ಚಾಗಿದೆ, ಮುಟ್ಟಿದರೆ ಮುಖ ಹಿಂಡುತ್ತಾರೆ. ಮೂರು ಸಲ ವಾಂತಿಯಾಗಿದ್ದು, 6.15ರ ವಾಂತಿ ಕೆಂಪಗಿತ್ತು. ವಿಚಾರಿಸಿದಾಗ, 5 ಗಂಟೆಗೆ ದಾಳಿಂಬೆ ರಸ ಕುಡಿಸಿದ್ದಾಗಿ ಅತ್ತೆಯವರು ಹೇಳಿದರು. ರಸವೋ ರಕ್ತವೋ ನನಗೆ ತೀರ್ಮಾನಿಸಲಾಗಲಿಲ್ಲ. ಕಿಡ್ನಿ ಟ್ರೇಯಲ್ಲೇ ಇಟ್ಟು ಡಾಕ್ಟರಿಗೆ ತೋರಿಸಿದ್ದೇನೆ, ಅವರೂ ಸದ್ಯಕ್ಕೆ ಗಮನಿಸೋಣ ಎಂದಿದ್ದಾರೆ. ಒಸಡು, ಮೂಗು, ಸೂಜಿ ಚುಚ್ಚಿದ ಜಾಗ ಎಲ್ಲೂ ರಕ್ತಸ್ರಾವ ಕಂಡಿಲ್ಲ. ವಾಂತಿಗೆ ಆಂಡಾನ್ಸೆಟ್ರಾನ್ 4 ಮಿ.ಗ್ರಾಂ. ರಕ್ತನಾಳದ ಮೂಲಕ 6.20ಕ್ಕೆ ಕೊಡಲಾಗಿದೆ.

ಶಿಫಾರಸು

ಸಿಸ್ಟರ್, ದಯವಿಟ್ಟು ರೌಂಡ್ಸ್ ಅನ್ನು ಈ ಬೆಡ್ಡಿನಿಂದಲೇ ಆರಂಭಿಸಿ, 7.55ರ ಬಿಪಿಯನ್ನು ಇಬ್ಬರೂ ಒಟ್ಟಿಗೆ ನೋಡೋಣ. ಬೋಲಸ್ ಮುಗಿಯುವವರೆಗೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಪಾದದ ಬಿಸಿ ನೋಡಬೇಕು. ಮಾನಿಟರಿನ ಕಫ್ ಸಡಿಲವಾಗಿದ್ದು 5.30ಕ್ಕೆ 110/84 ತೋರಿಸಿತ್ತು; ಆದ್ದರಿಂದ ಕೈಯಲ್ಲೇ ನೋಡಿ.

8.25ಕ್ಕೆ ಬಾಟಲಿ ಮುಗಿದ ಕೂಡಲೇ ಇನ್ನೊಂದನ್ನು ಅದೇ ವೇಗದಲ್ಲಿ ಹಾಕಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಹೆಮಟೋಕ್ರಿಟ್‌ಗೆ ರಕ್ತ ಕಳಿಸಿ; ಹೆಸರು ಬರೆದ ಇಡಿಟಿಎ ಟ್ಯೂಬ್ ಟ್ರೇಯಲ್ಲಿದೆ, ಲ್ಯಾಬ್ ತಂತ್ರಜ್ಞರಿಗೂ ಹೇಳಿದ್ದೇನೆ. ಸುಧಾರಿಸಿದ್ದರೆ ದ್ರವದ ವೇಗವನ್ನು ಹಂತ ಹಂತವಾಗಿ ಇಳಿಸುವುದಾಗಿ ಡಾಕ್ಟರ್ ಹೇಳಿದ್ದಾರೆ. ಬಿಪಿಯ ಅಂತರ 20 ಅಥವಾ ಅದಕ್ಕಿಂತ ಕಡಿಮೆಯೇ ಉಳಿದರೆ, ಮಂಪರು ಅಥವಾ ಚಡಪಡಿಕೆ ಕಂಡರೆ, ಕಪ್ಪು ಮಲ ಅಥವಾ ಮತ್ತೆ ಕೆಂಪು ವಾಂತಿಯಾದರೆ 8.25ರವರೆಗೆ ಕಾಯದೆ ಕರೆಯಿರಿ. ಹೆಮಟೋಕ್ರಿಟ್ ಇಳಿದಿದ್ದೂ ನಾಡಿ ಹಾಗೇ ಓಡುತ್ತಿದ್ದರೆ ಒಳಗೆ ರಕ್ತಸ್ರಾವವಾಗಿದೆಯೇ ಎಂದು ಶಂಕಿಸಬೇಕಾಗುತ್ತದೆ. ಅದಕ್ಕೆಂದೇ ಒಂದು ಯೂನಿಟ್ ಕೆಂಪು ರಕ್ತಕಣ ಕ್ರಾಸ್‌ಮ್ಯಾಚ್ ಮಾಡಿಸಿ ಇಡಲಾಗಿದೆ. ಎಡ ಮುಂಗೈಯಲ್ಲಿ 18 ಗೇಜಿನ ಎರಡನೇ ಕ್ಯಾನುಲಾ ಇದೆ, 7.20ಕ್ಕೆ ಹಾಕಿದ್ದು. ಇಷ್ಟು ದ್ರವ ಹೋಗುವಾಗ ಉಸಿರಾಟದ ಕಡೆಗೂ ಕಣ್ಣಿರಲಿ: ಕೆಮ್ಮು, ಏದುಸಿರು ಬಂದರೆ ಅಥವಾ ಆಮ್ಲಜನಕ ಇಳಿದರೆ ತಿಳಿಸಬೇಕು.

ಸ್ನಾಯುವಿಗೆ ಇಂಜೆಕ್ಷನ್ ಬೇಡ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ. ರೋಗಿಯನ್ನು ಮಂಚದಿಂದ ಇಳಿಸಬೇಡಿ. ಮೂತ್ರವನ್ನು ಗಂಟೆಗೊಮ್ಮೆ ಅಳೆದು ಬರೆಯಿರಿ. ಮುಟ್ಟು ಶುರುವಾದರೆ ಪ್ಯಾಡ್ ಎಣಿಕೆಯಿರಲಿ.

ಮನೆಯವರು ಪ್ಲೇಟ್‌ಲೆಟ್ ಹಾಕಿಸಿ ಎಂದು ಒತ್ತಾಯಿಸುತ್ತಿದ್ದಾರೆ. ರಕ್ತಸ್ರಾವವಿಲ್ಲದೆ 31,000ಕ್ಕೆ ಹಾಕುವುದಿಲ್ಲವೆಂದು ಡಾಕ್ಟರ್ ವಿವರಿಸಿದ್ದಾರೆ, ಆದರೂ ರಾತ್ರಿ ಮತ್ತೆ ಕೇಳುತ್ತಾರೆ. ಪಪ್ಪಾಯಿ ಎಲೆಯ ರಸದ ಬಾಟಲಿಯನ್ನು ಅತ್ತೆಯವರಿಗೆ ಹೇಳಿ ಮನೆಗೆ ಕಳಿಸಿದ್ದೇನೆ. ದಾಳಿಂಬೆ, ಬೀಟ್‌ರೂಟ್ ತರಬಾರದೆಂದೂ ಹೇಳಿದ್ದೇನೆ. ಐಸಿಯುನ ನಾಲ್ಕೂ ಬೆಡ್ ತುಂಬಿವೆ. ಅಲ್ಲಿಂದ ಒಬ್ಬರನ್ನು 9 ಗಂಟೆಯ ಹೊತ್ತಿಗೆ ವಾರ್ಡಿಗೆ ಕಳಿಸುವ ಮಾತಿದೆ. ಆ ಬೆಡ್ಡನ್ನು ಇವರಿಗೆ ಕಾದಿರಿಸಲು ಡಾಕ್ಟರ್ ಹೇಳಿದ್ದಾರೆ. 8.45ಕ್ಕೆ ಐಸಿಯುಗೆ ಒಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಹಸ್ತಾಂತರಿಸಿದವರು: ಮಧ್ಯಾಹ್ನದ ಪಾಳಿಯ ಶುಶ್ರೂಷಾಧಿಕಾರಿ. ಬೋಲಸ್ ಮುಗಿಯುವವರೆಗೆ ವಾರ್ಡಿನಲ್ಲೇ ಇರುತ್ತೇನೆ.