ಅರ್ಧ ವರ್ಷದ ರಿವ್ಯೂ: ಮುನಿರಾಜು, ಫೀಲ್ಡ್ ಸೂಪರ್‌ವೈಸರ್, ಕೋಲಾರ ಕಲೆಕ್ಷನ್ ಸೆಂಟರ್ (ಏಪ್ರಿಲ್–ಸೆಪ್ಟೆಂಬರ್)

ಮುನಿರಾಜು,

ಎದುರಿಗೆ ಸಿಕ್ಕಾಗ ನಿಮ್ಮನ್ನ ನೀನು ಅಂತಲೇ ಮಾತಾಡಿಸುತ್ತೇನೆ. ಇದು ಫೈಲಿಗೆ ಹೋಗುವ ಕಾಗದ, ಅದಕ್ಕೆ ನೀವು ಅಂತ ಬರೆದಿದ್ದೇನೆ. ಅಕ್ಕ ಏನೋ ಸಿಟ್ಟಲ್ಲಿದ್ದಾರೆ ಅಂದುಕೊಳ್ಳಬೇಡಿ. ಸಿಟ್ಟೇನಿಲ್ಲ. ಒಂದು ವಿಷಯದಲ್ಲಿ ಮಾತ್ರ ಬೇಜಾರಿದೆ, ಅದನ್ನ ಕೆಳಗೆ ಬಿಡಿಸಿ ಬರೆದಿದ್ದೇನೆ.

ಮೊದಲು ಚೆನ್ನಾಗಿ ಆಗಿರೋದು. ಏಪ್ರಿಲ್‌ನಲ್ಲಿ ನಮಗೆ ವಾರಕ್ಕೊಮ್ಮೆಯಾದರೂ ಮಾಲು ಕೊಡುವ ರೈತರು 61 ಜನ ಇದ್ದರು. ಸೆಪ್ಟೆಂಬರ್ ಕೊನೆಗೆ 84 ಜನ ಆಗಿದ್ದಾರೆ. ಇದರಲ್ಲಿ ಮುಳಬಾಗಿಲು ಕಡೆಯವರು ಪೂರ್ತಿ ನಿಮ್ಮಿಂದಲೇ ಬಂದವರು. ಅಲ್ಲಿ ನಾನು ಹೋಗಿ ಕನ್ನಡದಲ್ಲಿ ರೇಟಿನ ವಿಷಯ ಹೇಳಿದರೆ ನಮಸ್ಕಾರ ಮಾಡಿ ಕಳಿಸುತ್ತಾರೆ, ನೀವು ತೆಲುಗಿನಲ್ಲಿ ಎರಡು ಮಾತಾಡಿ, ಅವರ ಬೋರ್‌ವೆಲ್ ಕಥೆ ಕೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಬಂದರೆ ಮರುದಿನ ಮಾಲು ಬರುತ್ತದೆ. ಇದನ್ನ ಯಾವ ಟ್ರೇನಿಂಗ್‌ನಲ್ಲೂ ಕಲಿಸೋಕಾಗಲ್ಲ.

ಇನ್ನೊಂದು, ಮಂಡಿಯಲ್ಲಿ ಟೊಮೆಟೊ ರೇಟು ಏರಿದ ಆ ಹತ್ತು ದಿನ. ನಮ್ಮ ರೇಟಿಗಿಂತ ಹರಾಜಿನಲ್ಲಿ ಜಾಸ್ತಿ ಸಿಗುವಾಗ ರೈತ ನಮ್ಮ ಹತ್ತಿರ ಯಾಕೆ ಬರಬೇಕು, ಹೇಳಿ. ನೀವು ಅವರ ಜೊತೆ ವಾದಕ್ಕೆ ಹೋಗಲಿಲ್ಲ. "ಅರ್ಧ ಮಂಡಿಗೆ ಹಾಕಿ, ಅರ್ಧ ನಮಗೆ ಕೊಡಿ, ರೇಟು ಬಿದ್ದಾಗ ನಾವಿರ್ತೀವಿ" ಅಂದಿರಿ. ಆ ಮಾತನ್ನ ನಾನೇ ಶೆಡ್ಡಿನ ಹಿಂದೆ ನಿಂತು ಕೇಳಿದ್ದೇನೆ. ನಮ್ಮ ಇಂಡೆಂಟ್ ಒಂದು ದಿನವೂ ಪೂರ್ತಿ ಖಾಲಿ ಹೋಗಲಿಲ್ಲ. ರೇಟು ಇಳಿದ ಮೇಲೆ ನೀವು ಅವರ ಮಾಲು ಬೇಡ ಅನ್ನಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿರಿ. ಇದನ್ನ ಬೆಂಗಳೂರಿನ ಮೀಟಿಂಗ್‌ನಲ್ಲೂ ಹೇಳಿದ್ದೇನೆ.

ಈಗ ಬೇಜಾರಿನ ವಿಷಯಕ್ಕೆ ಬರ್ತೀನಿ. ಒಂದೇ ಸಾಲಿನಲ್ಲಿ ಹೇಳಬೇಕು ಅಂದರೆ, ಕೆಟ್ಟ ಸುದ್ದಿ ನಿಮ್ಮ ಹತ್ತಿರ ಬೆಳಿಗ್ಗೆ ಬರುತ್ತದೆ, ನನಗೆ ಮರುದಿನ ಬರುತ್ತದೆ.

ಜುಲೈ ಎರಡನೇ ವಾರದ ಆ ಲೋಡು ನೆನಪಿದೆ ಅಲ್ವಾ? ಹಿಂದಿನ ರಾತ್ರಿ ವೇಮಗಲ್ ಕಡೆ ಜೋರು ಮಳೆ. ನೀವು ಬೆಳಿಗ್ಗೆ ಹತ್ತಕ್ಕೆಲ್ಲ ತೋಟದಲ್ಲಿದ್ದಿರಿ. ಹಣ್ಣು ಬಿರುಕು ಬಿಟ್ಟಿದೆ, ತೊಟ್ಟಿನ ಹತ್ತಿರ ನೀರು ನಿಂತಿದೆ ಅಂತ ನೋಡಿದಿರಿ, ಲೋಡಿಂಗ್ ಹುಡುಗರಿಗೆ "ನೋಡಿಕೊಂಡು ತುಂಬ್ರೋ" ಅಂತಲೂ ಹೇಳಿದಿರಿ. ನನಗೆ ಫೋನ್ ಮಾಡಲಿಲ್ಲ. ಬೆಂಗಳೂರಿಗೂ ಮಾಡಲಿಲ್ಲ. ರಾತ್ರಿ ಎಂಟಕ್ಕೆ 140 ಕ್ರೇಟು ಹೊರಟಿತು. ಬೆಳಗಿನ ಜಾವ ಮೂರಕ್ಕೆ ನನಗೆ ಫೋನು. 46 ಕ್ರೇಟು ರಿಜೆಕ್ಟ್. ಕ್ರೇಟಿಗೆ 15 ಕೆ.ಜಿ. ಲೆಕ್ಕ ಹಾಕಿದರೆ 690 ಕೆ.ಜಿ. ಹಣ್ಣು, ಜೊತೆಗೆ ವಾಪಸ್ ಬಾಡಿಗೆ, ಅದರ ಮೇಲೆ ಅಂಗಡಿಗಳಿಗೆ ಮಾಲು ಕಡಿಮೆ ಬಿದ್ದಿದ್ದು ಬೇರೆ.

ಒದ್ದೆ ಹಣ್ಣನ್ನ ಒಂದರ ಮೇಲೊಂದು ಕ್ರೇಟು ಪೇರಿಸಿ ಟಾರ್ಪಾಲು ಮುಚ್ಚಿ ಕಳಿಸಿದರೆ ಬೆಳಗಾಗುವಷ್ಟರಲ್ಲಿ ಏನಾಗುತ್ತದೆ ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಳೆ ನಿಮ್ಮ ತಪ್ಪಲ್ಲ, ಬಿರುಕೂ ನಿಮ್ಮ ತಪ್ಪಲ್ಲ. ಹನ್ನೊಂದು ಗಂಟೆಗೆ ಒಂದು ಫೋನ್ ಬಂದಿದ್ದರೆ ವೇಮಗಲ್ ಮಾಲನ್ನ ಅರ್ಧಕ್ಕಿಳಿಸಿ, ಮಳೆ ಬೀಳದ ಮುಳಬಾಗಿಲು ಕಡೆಯಿಂದ ತರಿಸುತ್ತಿದ್ದೆ. ಒಂಬತ್ತು ಗಂಟೆ ಟೈಮ್ ಇತ್ತು ನಮ್ಮ ಕೈಯಲ್ಲಿ.

ಆಮೇಲೆ ಕೇಳಿದಾಗ ನೀವು, "ಸುಮ್ನೆ ಗಾಬರಿ ಮಾಡೋದು ಬೇಡ, ಗ್ರೇಡಿಂಗ್‌ನಲ್ಲಿ ಸರಿ ಮಾಡ್ಕೊಳ್ಳೋಣ ಅಂತಿದ್ದೆ ಅಕ್ಕ" ಅಂದಿರಿ. ಆ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಸರಿ ಮಾಡೋದು ನಿಮ್ಮೊಬ್ಬರ ಕೈಯಲ್ಲಿ ಇರಲಿಲ್ಲ, ನನ್ನ ಕೈಯಲ್ಲಿ ಇತ್ತು, ನನಗೆ ಗೊತ್ತೇ ಇರಲಿಲ್ಲ.

ಇದು ನಿಮಗೆ ಬಾರದ ಕೆಲಸ ಅಂತಲ್ಲ. ಮೇ ತಿಂಗಳಲ್ಲಿ ನೀವೇ ಮಾಡಿದ್ದೀರಿ. ಮಾಲೂರು ರಸ್ತೆಯ ನಾಲ್ಕು ತೋಟದಲ್ಲಿ ಎಲೆ ಮುದುಡಿದ್ದು ನೋಡಿ, ಬಿಂಗಿ ರೋಗ ಬಿದ್ದಿದೆ ಅಂತ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದಿರಿ, ನಾನಿನ್ನೂ ಕಾಫಿ ಕುಡಿದಿರಲಿಲ್ಲ. ಎರಡು ಫೋಟೊ ಕಳಿಸಿದಿರಿ. ಅವತ್ತೇ ಮುಂದಿನ ಮೂರು ವಾರದ ಲೆಕ್ಕ ಬದಲಾಯಿಸಿ ಬೇರೆ ಊರುಗಳ ಮೇಲೆ ಇಂಡೆಂಟ್ ಹಾಕಿದೆವು, ಒಂದು ಲೋಡೂ ತಪ್ಪಲಿಲ್ಲ. ಮೇನಲ್ಲಿ ಫೋನ್ ಮಾಡಿದ ಮುನಿರಾಜು, ಜುಲೈನಲ್ಲಿ ಯಾಕೆ ಮಾಡಲಿಲ್ಲ ಅಂತ ನಾನು ತುಂಬಾ ಯೋಚನೆ ಮಾಡಿದೆ. ನನಗೆ ತೋಚಿದ್ದು ಇಷ್ಟು: ರೋಗ ಬಂದರೆ ಅದು ಗಿಡದ ಸುದ್ದಿ, ಹೇಳೋದು ಸುಲಭ. ರಿಜೆಕ್ಷನ್ ಅಂದರೆ ನಮ್ಮ ಸೆಂಟರಿನ ಸುದ್ದಿ, ಹೇಳಿದರೆ ನಮ್ಮ ಮೇಲೇ ಬರುತ್ತೆ ಅನ್ನಿಸುತ್ತದೆ. ನಾನು ಅಂದುಕೊಂಡಿದ್ದು ತಪ್ಪಿದ್ದರೆ ಹೇಳಿ.

ಅಂಕಿ ನೋಡೋಣ. ನೂರು ಕ್ರೇಟಿಗೆ ಆರು ರಿಜೆಕ್ಷನ್ ನಮ್ಮ ಮಿತಿ. ಏಪ್ರಿಲ್‌ನಿಂದ ಜೂನ್‌ವರೆಗೆ ನೀವು 5ರಲ್ಲಿ ಇದ್ದಿರಿ. ಜುಲೈನಲ್ಲಿ 11, ಆಗಸ್ಟ್‌ನಲ್ಲಿ 8, ಸೆಪ್ಟೆಂಬರ್‌ನಲ್ಲಿ 6. ಜುಲೈನ 11 ಪೂರ್ತಿ ನಿಮ್ಮ ಲೆಕ್ಕಕ್ಕೆ ಹಾಕುತ್ತಿಲ್ಲ. ಜೂನ್ ಕೊನೆಯಲ್ಲಿ ಹಣ್ಣಿನ ಸೈಜು 45 ಮಿ.ಮೀ.ಯಿಂದ 50ಕ್ಕೆ ಏರಿಸಿದಾಗ ನಾನು ಬರೀ ಒಂದು ವಾಟ್ಸಾಪ್ ಮೆಸೇಜು ಹಾಕಿ ಕೈತೊಳೆದುಕೊಂಡೆ. ಸೆಂಟರಿಗೆ ಬಂದು ರಿಂಗು ಕೊಟ್ಟು, ಗ್ರೇಡಿಂಗ್ ಮಾಡುವವರಿಗೆ ತೋರಿಸಬೇಕಿತ್ತು. ಹೊಸ ರಿಂಗು ನಿಮ್ಮ ಕೈಗೆ ಸಿಕ್ಕಿದ್ದು ಹನ್ನೆರಡು ದಿನದ ಮೇಲೆ. ಅದು ನನ್ನ ತಪ್ಪು, ರೇಟಿಂಗ್ ಹಾಕುವಾಗ ಅದನ್ನ ಕಳೆದಿದ್ದೇನೆ.

ಇನ್ನು ಚೀಟಿ ವಿಷಯ. ಆಗಸ್ಟ್‌ನಲ್ಲಿ ಒಬ್ಬ ಅಜ್ಜಿ ಆಫೀಸಿಗೇ ಬಂದರು. 22 ಕ್ರೇಟು ಕೊಟ್ಟಿದ್ದೇನೆ, 19ಕ್ಕೆ ದುಡ್ಡು ಬಂದಿದೆ, ಮೂರು ಯಾರು ತಿಂದರು ಅಂತ ಕೇಳಿದರು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಬೆವರಿಗೆ ಇಂಕು ಹರಡಿತ್ತು. 22 ಅಂತಿದೆ, ಅದರ ಪಕ್ಕ "–3", ಕೆಳಗೆ 19. ಅಷ್ಟೇ. ಯಾಕೆ ಅಂತ ಒಂದು ಅಕ್ಷರ ಇಲ್ಲ. ಆಮೇಲೆ ವಿಚಾರಿಸಿದರೆ, ಮೂರು ಕ್ರೇಟು ಪೂರ್ತಿ ಹಣ್ಣಾಗಿತ್ತು, ನಮಗೆ ಬೇಕಿದ್ದದ್ದು ದೋರೆಗಾಯಿ, ನೀವು ಅವರ ಮಗನಿಗೆ ಹೇಳಿ ವಾಪಸ್ ಕೊಟ್ಟಿದ್ದಿರಿ, ಆ ಮಹಾಶಯ ಅದನ್ನ ಮಂಡಿಗೆ ಹಾಕಿ ದುಡ್ಡು ಜೇಬಿಗಿಳಿಸಿ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ! ನೀವು ಮಾಡಿದ್ದೆಲ್ಲ ಸರಿ. ಆದರೂ ಅರ್ಧ ದಿನ ನಮ್ಮ ಸೆಂಟರು ಕಳ್ಳರ ಜಾಗ ಆಗಿತ್ತು. "3 ವಾಪಸ್, ಪೂರ್ತಿ ಹಣ್ಣು" ಅಂತ ಬರೆದು, ತಗೊಂಡವರ ಸಹಿ ಹಾಕಿಸಿದ್ದರೆ ಅಜ್ಜಿ ಬಸ್ ಚಾರ್ಜು ಕೊಟ್ಟು ಕೋಲಾರಕ್ಕೆ ಬರುತ್ತಲೇ ಇರಲಿಲ್ಲ.

ಹುಡುಗರ ಬಗ್ಗೆ ಸ್ವಲ್ಪ. ಗ್ರೇಡಿಂಗ್‌ಗೆ ಹೊಸದಾಗಿ ಬಂದ ಹುಡುಗನಿಗೆ ಎರಡು ಸಲ ರೈತರ ಎದುರೇ ಬೈದಿದ್ದೀರಿ, ಒಂದು ಸಲ ಬೀನ್ಸ್ ಲೋಡಿನ ದಿನ ನಾನೇ ಅಲ್ಲಿದ್ದೆ. ತಪ್ಪು ಅವನದ್ದೇ. ಆದರೆ ಅವತ್ತಿನಿಂದ ಅವನು ಅನುಮಾನ ಬಂದ ಕ್ರೇಟನ್ನ ನಿಮ್ಮ ಹತ್ತಿರ ತಂದು ತೋರಿಸುತ್ತಿಲ್ಲ, ತಾನೇ ಏನೋ ಒಂದು ತೀರ್ಮಾನ ಮಾಡಿ ಮುಂದಕ್ಕೆ ತಳ್ಳುತ್ತಿದ್ದಾನೆ. ನೀವು ನನಗೆ ಫೋನ್ ಮಾಡದ ಹಾಗೇ ಆಯ್ತಲ್ವಾ ಇದು? ಬೈಯಬೇಕಿದ್ದರೆ ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ಬೈಯಿರಿ, ಆಮೇಲೆ ಸರಿಯಾದ ಹಣ್ಣು ಯಾವುದು ಅಂತ ಅವನ ಕೈಯಲ್ಲಿಟ್ಟು ತೋರಿಸಿ.

ಮುಂದಿನ ಆರು ತಿಂಗಳಿಗೆ ನಾನು ಕೇಳೋದು ಜಾಸ್ತಿ ಇಲ್ಲ. ಮಳೆ, ರೋಗ, ಊಜಿ, ಲಾರಿ ಕೈಕೊಡೋದು, ರೈತ ಮಾತು ತಪ್ಪೋದು, ಹೀಗೆ ಅವತ್ತಿನ ಲೋಡಿಗೆ ತೊಂದರೆ ಆಗುವ ಯಾವುದೇ ಸುದ್ದಿ ಬೆಳಿಗ್ಗೆ ಹನ್ನೊಂದರೊಳಗೆ ನನಗೆ ಫೋನಿನಲ್ಲಿ ಬರಬೇಕು. ಮೆಸೇಜು ಸಾಲದು, ನಾನು ನೋಡಿರಲ್ಲ. ಖಾತ್ರಿ ಇಲ್ಲದಿದ್ದರೂ ಪರವಾಗಿಲ್ಲ, "ಅನುಮಾನ ಇದೆ" ಅಂದರೆ ಸಾಕು. ಹತ್ತರಲ್ಲಿ ಆರು ಸಲ ಸುಳ್ಳಾದರೂ ನಾನು ಗೊಣಗಲ್ಲ, ಗೊಣಗಿದರೆ ಈ ಕಾಗದ ತೋರಿಸಿ. ಹನ್ನೊಂದರ ನಂತರ ಗೊತ್ತಾದರೆ ಗೊತ್ತಾದ ತಕ್ಷಣ. ಎರಡನೆಯದು, ವಾಪಸ್ ಹೋದ ಪ್ರತಿ ಕ್ರೇಟಿಗೂ ಚೀಟಿಯಲ್ಲಿ ಕಾರಣ ಮತ್ತು ಸಹಿ. ನಾನು ತಿಂಗಳಿಗೊಮ್ಮೆ ಇಪ್ಪತ್ತು ಚೀಟಿ ತೆಗೆದು ನೋಡುತ್ತೇನೆ. ಮೂರನೆಯದಕ್ಕೆ ನಿಮಗೆ ಮನಸ್ಸು ಬರಲ್ಲ ಅಂತ ಗೊತ್ತು: ಯಾವ ರೈತನ ತೋಟ ಯಾವಾಗ ಕೊಯ್ಲಿಗೆ ಬರುತ್ತದೆ ಅನ್ನೋದು ಈಗ ನಿಮ್ಮ ತಲೆಯಲ್ಲಿ ಮಾತ್ರ ಇದೆ. ನಿಮ್ಮ ತಂಗಿ ಮದುವೆಗೆ ನಾಲ್ಕು ದಿನ ರಜೆ ಹಾಕಿದಾಗ ನಾವು ಕಣ್ಣು ಕಟ್ಟಿದ ಹಾಗೆ ಓಡಾಡಿದೆವು. ಡಿಸೆಂಬರ್ ಒಳಗೆ 84 ಜನರದ್ದೂ ಒಂದು ಶೀಟಿಗೆ ಬರಬೇಕು. ಹೆಸರು, ಊರು, ನಾಟಿ ಹಾಕಿದ ದಿನ, ಕೊಯ್ಲು ಶುರುವಾಗುವ ವಾರ, ಇಷ್ಟೇ.

ಶೀಟು ತುಂಬೋದು ನಿಮಗೆ ತಲೆನೋವು ಅಂತ ಗೊತ್ತಿರುವುದರಿಂದ, ಆಫೀಸಿನ ಡೇಟಾ ಎಂಟ್ರಿ ಹುಡುಗಿ ನವೆಂಬರ್‌ನಲ್ಲಿ ಪ್ರತಿ ಮಂಗಳವಾರ ಮಧ್ಯಾಹ್ನ ಸೆಂಟರಿಗೆ ಬರುತ್ತಾಳೆ. ನೀವು ಹೇಳ್ತಾ ಹೋಗಿ, ಅವಳು ತುಂಬುತ್ತಾಳೆ. ನೀವು ಕೇಳಿದ್ದ ಎರಡನೇ ತಕ್ಕಡಿಗೆ ಒಪ್ಪಿಗೆ ಸಿಕ್ಕಿದೆ, ಈ ತಿಂಗಳೇ ಬರುತ್ತದೆ. ಒದ್ದೆ ಹಣ್ಣು ಆರಲು ಹಾಕೋಕೆ ಶೆಡ್ಡಿನ ಪಕ್ಕ ಚಾವಣಿ ಶೀಟು ಇಳಿಸುವ ವಿಷಯ ಇನ್ನೂ ಬೆಂಗಳೂರಿನಲ್ಲೇ ಇದೆ, ಆಗುತ್ತೆ ಅಂತ ಈಗಲೇ ಮಾತು ಕೊಡಲ್ಲ.

ಏರಿಯಾ ಇನ್‌ಚಾರ್ಜ್ ಆಗಬೇಕು ಅಂತ ನೀವು ಜೂನ್‌ನಲ್ಲಿ ಕೇಳಿದ್ದಿರಿ. ನೇರವಾಗಿ ಹೇಳ್ತೀನಿ. ರೈತರ ಜೊತೆಗಿನ ಕೆಲಸಕ್ಕೆ ಈಗಲೇ ಕೊಡಬಹುದು. ಆದರೆ ಆ ಕುರ್ಚಿಯಲ್ಲಿ ಕೂತವರು ಮೂರು ಸೆಂಟರಿನ ಕೆಟ್ಟ ಸುದ್ದಿ ಕೇಳಿಸಿಕೊಂಡು ಮೇಲಕ್ಕೆ ಹೇಳಬೇಕು, ಅಲ್ಲಿ ನನಗೆ ಇನ್ನೂ ಧೈರ್ಯ ಬಂದಿಲ್ಲ. ಮಾರ್ಚ್‌ವರೆಗೆ ಮೇಲಿನ ಮೂರೂ ನಡೆದರೆ ನಾನೇ ನಿಮ್ಮ ಹೆಸರು ಕಳಿಸುತ್ತೇನೆ. ಈ ಅರ್ಧ ವರ್ಷಕ್ಕೆ ರೇಟಿಂಗ್ 5ಕ್ಕೆ 3.5 ಹಾಕಿದ್ದೇನೆ. ಜುಲೈ ಇಲ್ಲದಿದ್ದರೆ 4 ಆಗುತ್ತಿತ್ತು.

ಇದನ್ನ ಓದಿದ ದಿನವೇ ಸಹಿ ಹಾಕಬೇಡಿ. ಎರಡು ದಿನ ಇಟ್ಟುಕೊಳ್ಳಿ, ಒಪ್ಪದೇ ಇರೋದನ್ನ ಹಿಂದಿನ ಹಾಳೆಯಲ್ಲಿ ನಿಮ್ಮ ಕೈಯಲ್ಲೇ ಬರೆಯಿರಿ, ಅದೂ ಫೈಲಿಗೆ ಹೋಗುತ್ತದೆ. ಗುರುವಾರ ನಾಲ್ಕು ಗಂಟೆಗೆ ಲೋಡಿಂಗ್ ಶುರುವಾಗುವ ಮುಂಚೆ ಸೆಂಟರಿಗೆ ಬರ್ತೀನಿ. ಜುಲೈ ತಿಂಗಳ ಚೀಟಿ ಪುಸ್ತಕ ತೆಗೆದಿಟ್ಟಿರಿ.

ಗೀತಾ
ಪ್ರೊಕ್ಯೂರ್‌ಮೆಂಟ್ ಮ್ಯಾನೇಜರ್, ಕೋಲಾರ