ವಯಸ್ಕರ ಸಾಕ್ಷರತಾ ಪ್ರಾಜೆಕ್ಟ್ ಲಾಗ್‌ಫ್ರೇಮ್, ಶಹಾಪುರ ತಾಲೂಕು, ಯಾದಗಿರಿ

ಅವಧಿ ಜೂನ್ 2025ರಿಂದ ಮಾರ್ಚ್ 2026, ಬಜೆಟ್ ₹3,50,000. 4 ತಾಂಡಾ, 2 ಹಳ್ಳಿ, ಸೆಂಟರ್‌ಗೆ 20 ಜನರಂತೆ 120 ಹೆಣ್ಮಕ್ಕಳು, ಎಲ್ರೂ 25 ವರ್ಷ ದಾಟಿದವರು. 2011ರ ಜನಗಣತಿಯಲ್ಲಿ ಯಾದಗಿರಿ ಸಾಕ್ಷರತೆ 51.83%, ರಾಜ್ಯದಲ್ಲೇ ಕಡೇ ಸ್ಥಾನ, ಅದಕ್ಕೇ ಈ ಜಿಲ್ಲೆ.

| ಹಂತ | ಏನು | ಇಂಡಿಕೇಟರ್ | ಎಲ್ಲಿ ನೋಡ್ತೀವಿ | ಯಾವ ನಂಬಿಕೆ ಮೇಲೆ |
|---|---|---|---|---|
| ಗುರಿ | ಬ್ಯಾಂಕು, ಪಂಚಾಯ್ತಿ, ರೇಷನ್ ಅಂಗಡೀಲಿ ಯಾರನ್ನೂ ಕೇಳ್ದೆ ತಮ್ಮ ಕೆಲಸ ತಾವೇ ಮಾಡ್ಕೊಳ್ಳೋದು | ಪ್ರಾಜೆಕ್ಟ್ ಮುಗಿದು 1 ವರ್ಷ ಆದ್ಮೇಲೂ 60 ಜನ ಓದ್ತಾ ಇರೋದು | ಮನೆಮನೆ ಫಾಲೋಅಪ್ | ಊರಲ್ಲಿ ಓದೋಕೆ ಏನಾದ್ರೂ ಸಿಗ್ಬೇಕು |
| ಔಟ್‌ಕಮ್ | ಓದು, ಬರಹ, ಲೆಕ್ಕ ಬರೋದು | 80 ಜನ ಉಲ್ಲಾಸ್ ಪರೀಕ್ಷೆ ಪಾಸ್ (150 ಅಂಕ, ಓದು-ಬರಹ-ಲೆಕ್ಕಕ್ಕೆ ತಲಾ 50). 90 ಜನ ಪಾಸ್‌ಬುಕ್ ಬ್ಯಾಲೆನ್ಸ್ ತಾವೇ ಓದೋದು. ಶುರುವಲ್ಲಿ ಎರಡೂ 0 | ಪರೀಕ್ಷೆ ರಿಸಲ್ಟ್, ಅವರದೇ ಪಾಸ್‌ಬುಕ್ ಕೈಗೆ ಕೊಟ್ಟು ಓದಿಸೋದು | ದೀಪಾವಳಿ ಆದ್ಮೇಲೆ ಜಾಸ್ತಿ ಜನ ಗುಳೆ ಹೋಗ್ಬಾರ್ದು |
| ಔಟ್‌ಪುಟ್ 1 | 6 ಸೆಂಟರ್‌ಲಿ ರಾತ್ರಿ 8ರಿಂದ 9.30 ಕ್ಲಾಸ್, ವಾರಕ್ಕೆ 5 ದಿನ | ಪ್ರತಿ ಸೆಂಟರ್‌ಗೆ 200 ಗಂಟೆ. 84 ಜನರ ಹಾಜರಿ 70% ಮೇಲೆ | ಹಾಜರಿ ಪುಸ್ತಕ, ಹೇಳ್ದೆ ಕೇಳ್ದೆ ಹೋಗಿ ನೋಡೋದು | ಹತ್ತಿ ಬಿಡಿಸೋ 6 ವಾರದಲ್ಲಿ ವಾರಕ್ಕೆ 3 ದಿನ ಮಾತ್ರ ಕ್ಲಾಸ್ ಅಂತ ಮೊದ್ಲೇ ಪ್ಲಾನ್ ಆಗಿದೆ |
| ಔಟ್‌ಪುಟ್ 2 | ಕಲಿಸೋರಿಗೆ ಟ್ರೈನಿಂಗ್ | 6 ಜನಕ್ಕೆ 5 ದಿನ, ತಾಂಡಾ ಸೆಂಟರ್‌ಲಿ ನಾಲ್ವರಿಗೂ ಲಂಬಾಣಿ ಬರ್ಬೇಕು | ಟ್ರೈನಿಂಗ್ ರಿಪೋರ್ಟ್ | ಕಲಿಸೋರು ಮಧ್ಯ ಬಿಟ್ಟು ಹೋಗ್ಬಾರ್ದು |
| ಇನ್‌ಪುಟ್ | ದುಡ್ಡು, ಜನ, ಸಾಮಾನು | ಕಲಿಸೋರ ಗೌರವಧನ ₹1,50,000 (ತಿಂಗಳಿಗೆ ತಲಾ ₹2,500), ಕೋಆರ್ಡಿನೇಟರ್ ₹1,00,000, ಪುಸ್ತಕ-ಸ್ಲೇಟು ₹36,000, ಬೋರ್ಡು, ಸೋಲಾರ್ ಲೈಟು ₹30,000, ಟ್ರೈನಿಂಗ್, ಓಡಾಟ ₹25,000, ಕನ್ನಡಕ 60, ₹9,000 | ವೋಚರ್, ಸ್ಟಾಕ್ ರಿಜಿಸ್ಟರ್ | ಮೊದಲ ಕಂತು ಜೂನ್‌ಗೆ ಬರ್ಬೇಕು |

ಕನ್ನಡಕದ ಸಾಲು ನೋಡಿ ಇದ್ಯಾಕೆ ಅನ್ಬೇಡಿ, 40 ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗಿ ಕಾಣುತ್ತೆ, ಅವರು ತಲೆಗೆ ಹತ್ತಲ್ಲ ಅಂತ ಹೇಳಿ ಕ್ಲಾಸ್ ಬಿಡ್ತಾರೆ, ₹150ರ ಕನ್ನಡಕ ಇದ್ರೆ ಕೂತ್ಕೋತಾರೆ. ಬಜೆಟ್ ಕಟ್ ಮಾಡ್ಲೇಬೇಕು ಅಂದ್ರೆ ಓಡಾಟದಲ್ಲಿ ಮಾಡಿ, ಇದನ್ನ ಮುಟ್ಬೇಡಿ.

ಸಹಿ ಹಾಕೋಕೆ ಬಂತು ಅನ್ನೋದನ್ನ ಔಟ್‌ಕಮ್ ಇಂಡಿಕೇಟರ್‌ಲಿ ಬೇಕಂತಲೇ ಇಟ್ಟಿಲ್ಲ. ಹೆಸರು ಗೀಚೋದನ್ನ ಎರಡು ವಾರದಲ್ಲಿ ಕಲಿಸ್ಬಹುದು, ಫೋಟೋಗೂ ಚೆನ್ನಾಗಿರುತ್ತೆ, ಆದ್ರೆ ಸ್ವಸಹಾಯ ಸಂಘದ ಸಾಲದ ಪತ್ರದಲ್ಲಿ ಬಡ್ಡಿ ಎಷ್ಟು ಅಂತ ಓದೋಕೆ ಬರ್ದೇ ಸಹಿ ಹಾಕಿದ್ರೆ ಹೆಬ್ಬೆಟ್ಟಿಗೂ ಅದಕ್ಕೂ ಏನ್ ವ್ಯತ್ಯಾಸ.

ಗುಳೆ ನಮ್ಮ ಕೈಲಿಲ್ಲ. ಒಂದು ಸೆಂಟರ್‌ಲಿ 8ಕ್ಕಿಂತ ಜಾಸ್ತಿ ಜನ ಊರು ಬಿಟ್ರೆ ಟಾರ್ಗೆಟ್ 80ರಿಂದ ಎಷ್ಟಕ್ಕೆ ಇಳಿಸ್ಬೇಕು ಅಂತ ಡಿಸೆಂಬರ್ ರಿವ್ಯೂನಲ್ಲಿ ಡೋನರ್ ಜೊತೆ ಕೂತು ಬರೆದು ಇಟ್ಕೋತೀವಿ, ಮಾರ್ಚ್‌ವರೆಗೆ ಕಾಯಲ್ಲ.